ಒಂದೇ ಅಚ್ಚಿನ ಸಂದೇಶಕ್ಕೆ ಬರೆದ ಉತ್ತರ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಅಭ್ಯರ್ಥಿ ಪಾವತಿ ವ್ಯವಸ್ಥೆಗಳ ದತ್ತಾಂಶವನ್ನು ನೋಡಿಕೊಳ್ಳುವ ಎಂಜಿನಿಯರ್. ಸುಮಾರು ಒಂಬತ್ತು ವರ್ಷಗಳ ಅನುಭವವಿದ್ದು, ಇರುವ ಕೆಲಸವನ್ನು ಬಿಡಲೇಬೇಕಾದ ಒತ್ತಡವೇನೂ ಅವರಿಗಿರಲಿಲ್ಲ. ಆದರೆ ಒಳ್ಳೆಯದು ಬಂದರೆ ನೋಡೋಣ ಎಂಬ ಮನಸ್ಸಿತ್ತು. ಅವರಿಗೆ ಒಂದು ನೇಮಕಾತಿ ಏಜೆನ್ಸಿಯಿಂದ ಮಿಂಚಂಚೆ ಬಂದಿತು. ಅದರ ಪಠ್ಯ ಹೆಚ್ಚುಕಡಿಮೆ ಹೀಗಿತ್ತು:

"ನಮಸ್ಕಾರ. ನಿಮ್ಮ ಪ್ರೊಫೈಲ್ ನೋಡಿ ಬಹಳ ಸಂತೋಷವಾಯಿತು. ಒರಾಕಲ್‌ನಲ್ಲಿ ನಿಮಗಿರುವ ಅನುಭವ ನಮ್ಮ ಗಮನ ಸೆಳೆಯಿತು. ನಮ್ಮ ಪ್ರತಿಷ್ಠಿತ ಗ್ರಾಹಕ ಸಂಸ್ಥೆಯೊಂದು 5ರಿಂದ 12 ವರ್ಷ ಅನುಭವವುಳ್ಳ ಹಿರಿಯ ಎಂಜಿನಿಯರ್‌ಗಳನ್ನು ಹುಡುಕುತ್ತಿದೆ. ಉತ್ತಮ ಸಂವಹನ ಕೌಶಲವಿರಬೇಕು. ತಂಡದೊಂದಿಗೆ ಬೆರೆತು ಕೆಲಸ ಮಾಡಬೇಕು. ಹಳೆಯ ಮತ್ತು ಹೊಸ ಲೆಡ್ಜರ್‌ಗಳನ್ನು ಏಕಕಾಲದಲ್ಲಿ ನಡೆಸಿ, ವ್ಯತ್ಯಾಸಗಳ ಮೂಲ ಪತ್ತೆಹಚ್ಚಿದ ಅನುಭವ ಕಡ್ಡಾಯ. 30 ದಿನಗಳೊಳಗೆ ಸೇರುವವರಿಗೆ ಆದ್ಯತೆ. ಆಸಕ್ತಿಯಿದ್ದರೆ ಇತ್ತೀಚಿನ ರೆಸ್ಯೂಮ್, ಈಗಿನ ಸಂಬಳ, ನಿರೀಕ್ಷಿತ ಸಂಬಳ ಮತ್ತು ನೋಟಿಸ್ ಅವಧಿ ಕಳುಹಿಸಿ."

ಇದು ಒಬ್ಬರಿಗಾಗಿ ಬರೆದದ್ದಲ್ಲ ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಅಭ್ಯರ್ಥಿ ತಮ್ಮ ಪ್ರೊಫೈಲ್‌ನಲ್ಲಿ ಹೆಸರಿನ ಮುಂದೆ ಒಂದು ಪ್ರಮಾಣಪತ್ರದ ಸಂಕ್ಷೇಪಾಕ್ಷರಗಳನ್ನು ಸೇರಿಸಿದ್ದರು. ನಮಸ್ಕಾರದ ಜತೆಗಿದ್ದ, ನಾನು ಮೇಲೆ ಬಿಟ್ಟಿರುವ ಹೆಸರಿನೊಂದಿಗೆ ಆ ಅಕ್ಷರಗಳೂ ಹಾಗೆಯೇ ಬಂದಿದ್ದವು. ಕೈಯಿಂದ ಬರೆಯುವವರು ಯಾರನ್ನೂ ಹಾಗೆ ಸಂಬೋಧಿಸುವುದಿಲ್ಲ. ಹೆಸರಿನ ಅಕ್ಷರಗಳು ಉಳಿದ ಪಠ್ಯಕ್ಕಿಂತ ಒಂದು ಅಳತೆ ಚಿಕ್ಕದಾಗಿಯೂ ಇದ್ದವು. ಇನ್ನು ಒರಾಕಲ್ ವಿಚಾರ: ದತ್ತಾಂಶ ಇಡುವ ಆ ತಂತ್ರಾಂಶವನ್ನು ಅವರು ಕೈಬಿಟ್ಟು ಹಲವು ವರ್ಷಗಳಾಗಿದ್ದವು, ಈಗ ಮಾಡುತ್ತಿರುವುದೆಲ್ಲ ಅಂತಹದೇ ಇನ್ನೊಂದಾದ ಪೋಸ್ಟ್‌ಗ್ರೆಸ್‌ನಲ್ಲಿ. ಪ್ರೊಫೈಲ್‌ನ ತಳಭಾಗದಲ್ಲಿದ್ದ ಹಳೆಯ ಹುದ್ದೆಯ ವಿವರದಲ್ಲಿ ಆ ಪದ ಒಂದು ಬಾರಿ ಬಂದಿತ್ತು, ಹುಡುಕಾಟಕ್ಕೆ ಸಿಕ್ಕಿದ್ದು ಅದೇ.

ನಾನು ನೇಮಕಾತಿಯ ಕೆಲಸದಲ್ಲೇ ಇರುವವನಾದ್ದರಿಂದ ಇಂತಹ ಸಂದೇಶ ಹುಟ್ಟುವ ಬಗೆಯನ್ನು ಹೇಳಬಲ್ಲೆ. ಏಜೆನ್ಸಿಯಲ್ಲಿ ಸಾಮಾನ್ಯವಾಗಿ ಕೆಲಸ ಇಬ್ಬರ ನಡುವೆ ಹಂಚಿಹೋಗಿರುತ್ತದೆ. ಒಬ್ಬರು ಗ್ರಾಹಕ ಸಂಸ್ಥೆಯೊಂದಿಗೆ ಮಾತನಾಡಿ, ಹೈರಿಂಗ್ ಮ್ಯಾನೇಜರ್‌ಗೆ ಏನು ಬೇಕು ಎಂಬುದನ್ನು ಕೇಳಿ ಬರೆದುಕೊಳ್ಳುತ್ತಾರೆ. ಇನ್ನೊಬ್ಬರು, ಹೆಚ್ಚಾಗಿ ಕಿರಿಯರು, ಆ ಟಿಪ್ಪಣಿಯಿಂದ ಕೆಲವು ಪದಗಳನ್ನು ಆರಿಸಿ ಪ್ರೊಫೈಲ್‌ಗಳ ಭಂಡಾರದಲ್ಲಿ ಹುಡುಕುತ್ತಾರೆ, ಬಂದ ಪಟ್ಟಿಯನ್ನು ಮೇಲ್ನೋಟದಲ್ಲೇ ಸೋಸುತ್ತಾರೆ, ಉಳಿದವರೆಲ್ಲರಿಗೂ ಹೆಸರಿನ ಜಾಗವನ್ನು ಯಂತ್ರವೇ ತುಂಬುವಂತೆ ಒಂದೇ ಪಠ್ಯ ಕಳುಹಿಸುತ್ತಾರೆ. ಉತ್ತರ ಬಾರದಿದ್ದರೆ ಕೆಲವು ದಿನಗಳ ನಂತರ ಎರಡನೆಯ ಸಂದೇಶವೂ, ಆಮೇಲೆ ಮೂರನೆಯದೂ ತಾನಾಗಿಯೇ ಹೊರಡುತ್ತವೆ. ಉತ್ತರ ಬಂದ ಕೂಡಲೇ ಆ ಸರಣಿ ನಿಲ್ಲುವಂತೆ ವ್ಯವಸ್ಥೆ ಇರುತ್ತದೆ. ಆದರೆ ಸಂದೇಶ ತಲುಪಿದ ತಮ್ಮ ವಿಳಾಸದಿಂದಲೇ, ಅದೇ ಎಳೆಯಲ್ಲಿ ಉತ್ತರಿಸಿದಾಗ ಮಾತ್ರ. ಬೇರೆ ವಿಳಾಸದಿಂದ ಉತ್ತರಿಸಿದವರಿಗೆ ಒಂದು ಕಡೆ ಮನುಷ್ಯರೊಂದಿಗೆ ಮಾತುಕತೆ ನಡೆಯುತ್ತಿರುವಾಗಲೇ ಇನ್ನೊಂದು ಕಡೆಯಿಂದ "ನನ್ನ ಹಿಂದಿನ ಸಂದೇಶ ನೋಡಿದಿರಾ" ಎಂದು ಯಂತ್ರ ಕೇಳುತ್ತಿರುತ್ತದೆ.

ಅಂದರೆ, ಸಂದೇಶ ಕಳುಹಿಸುವ ಹೊತ್ತಿಗೆ ಅಭ್ಯರ್ಥಿಯ ಪ್ರೊಫೈಲನ್ನು ಯಾರೂ ಓದಿರುವುದಿಲ್ಲ. ಇದರಲ್ಲಿ ಅವಮಾನವೇನೂ ಇಲ್ಲ, ಇದು ಕೆಲಸದ ಕ್ರಮ. ಓದುವ ಸಮಯ ಬರುವುದು ಉತ್ತರ ಕೈಗೆ ಬಂದಾಗ, ಅದೂ ಆ ಉತ್ತರದಲ್ಲಿ ಓದಲು ಏನಾದರೂ ಇದ್ದಾಗ. ಆದ್ದರಿಂದ ಮೊದಲ ಉತ್ತರಕ್ಕಿರುವ ಕೆಲಸ ಎರಡೇ: ಆ ಕಡೆಯ ವ್ಯಕ್ತಿ ಪ್ರೊಫೈಲನ್ನು ತೆರೆದು ನೋಡುವಂತೆ ಮಾಡುವುದು, ಮತ್ತು ಆ ವ್ಯಕ್ತಿಯ ಹಿಂದೆ ನಿಜವಾದ ಹುದ್ದೆಯೂ ಮಾತನಾಡಬಲ್ಲ ಮ್ಯಾನೇಜರ್ ಕೂಡ ಇದ್ದಾರೆಯೇ ಎಂಬುದನ್ನು ತಿಳಿದುಕೊಳ್ಳುವುದು.

ಅಭ್ಯರ್ಥಿ ಮೊದಲು ಬರೆದಿಟ್ಟುಕೊಂಡ ಕರಡು ಸಿಟ್ಟಿನದಾಗಿತ್ತು. "ನನ್ನ ಪ್ರೊಫೈಲನ್ನು ನಿಜವಾಗಿಯೂ ಓದಿದ್ದರೆ ನಾನು ಒರಾಕಲ್ ಬಿಟ್ಟು ಎಷ್ಟು ವರ್ಷವಾಯಿತು ಎಂಬುದು ನಿಮಗೆ ತಿಳಿಯುತ್ತಿತ್ತು" ಎಂದು ಅದು ಆರಂಭವಾಗುತ್ತಿತ್ತು. ಮಾತು ಸತ್ಯವೇ. ಆದರೆ ಅದನ್ನು ಓದುವ ಕಿರಿಯ ಉದ್ಯೋಗಿಗೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ. ಪಟ್ಟಿಯಲ್ಲಿ ಆ ಹೆಸರಿನ ಎದುರಿಗೆ "ಆಸಕ್ತಿ ಇಲ್ಲ" ಎಂದು ಗುರುತು ಹಾಕಿ ಮುಂದಿನವರ ಉತ್ತರಕ್ಕೆ ಹೋಗುತ್ತಾರೆ. ಇದಕ್ಕೆ ತದ್ವಿರುದ್ಧವಾದ ಉತ್ತರ, ಹೆಚ್ಚಿನವರು ಕಳುಹಿಸುವುದು, "ಆಸಕ್ತಿಯಿದೆ, ವಿವರ ಕಳುಹಿಸಿ, ರೆಸ್ಯೂಮ್ ಲಗತ್ತಿಸಿದ್ದೇನೆ" ಎಂಬುದು. ಇದು ಸಭ್ಯವಾಗಿದೆ, ಆದರೂ ಇದಕ್ಕೆ ಇನ್ನೊಂದು ಸಿದ್ಧ ಪಠ್ಯವೇ ಸಾಕಾಗುತ್ತದೆ; ಕೆಲಸದ ವಿವರದ ಕಡತವೊಂದು ಬರುತ್ತದೆ, ರೆಸ್ಯೂಮ್ ಭಂಡಾರ ಸೇರುತ್ತದೆ, ಮಾತುಕತೆ ಅಲ್ಲಿಗೆ ಮುಗಿಯುತ್ತದೆ. ಕೆಲವು ಜಾಲತಾಣಗಳಲ್ಲಿ ಸಂದೇಶದ ಕೆಳಗೇ ಇರುವ "ಆಸಕ್ತಿಯಿದೆ" ಗುಂಡಿಯನ್ನು ಒತ್ತುವುದೂ ಇದೇ ಬಗೆಯದು: ಒತ್ತಿದವರ ಹೆಸರುಗಳ ಸಾಲಿಗೆ ಇನ್ನೊಂದು ಹೆಸರು ಸೇರಿತು, ಅಷ್ಟೇ. (ಲಿಂಕ್ಡ್‌ಇನ್‌ನಲ್ಲಿ ಪರಿಚಯವಿಲ್ಲದವರಿಗೆ ಕ್ರೆಡಿಟ್ ಖರ್ಚು ಮಾಡಿ ಕಳುಹಿಸುವ ಇನ್‌ಮೇಲ್ ಎಂಬ ಸಂದೇಶಕ್ಕೆ 90 ದಿನಗಳೊಳಗೆ ಉತ್ತರ ಬಂದರೆ ಕಳುಹಿಸಿದವರಿಗೆ ಖರ್ಚಾದ ಕ್ರೆಡಿಟ್ ಮರಳಿ ಸಿಗುತ್ತದೆ; "ಬೇಡ" ಎಂಬ ಉತ್ತರಕ್ಕೂ ಇದು ಅನ್ವಯಿಸುತ್ತದೆ. ಹಾಗಾಗಿ ಉತ್ತರ ಬಂದಿತೆಂಬ ಸಂತೋಷವನ್ನು ಅಭ್ಯರ್ಥಿಯ ಮೇಲಿನ ಆಸಕ್ತಿ ಎಂದು ಭಾವಿಸಬೇಕಾಗಿಲ್ಲ.)

ಕರಡನ್ನು ಅವರು ನನಗೆ ತೋರಿಸಿದಾಗ ನಾನು ಹೇಳಿದ್ದು, ಆ ಸಂದೇಶದಲ್ಲಿ ಯಂತ್ರದ್ದಲ್ಲದ ಸಾಲು ಯಾವುದು ಎಂದು ಮೊದಲು ಹುಡುಕಿ ಎಂದು. ಸಾಮೂಹಿಕ ಸಂದೇಶದ ಬಹುಪಾಲು ಏಜೆನ್ಸಿಯ ಹಳೆಯ ಸರಕಾಗಿರುತ್ತದೆ. ಸಂವಹನ ಕೌಶಲ, ತಂಡದ ಕೆಲಸ, ಪ್ರತಿಷ್ಠಿತ ಸಂಸ್ಥೆ ಎಂಬ ಮಾತುಗಳನ್ನು ಯಾವ ಹುದ್ದೆಗಾದರೂ ಅಂಟಿಸಬಹುದು. ಆದರೆ ಹುದ್ದೆ ನಿಜವಾಗಿದ್ದರೆ, ಮ್ಯಾನೇಜರ್ ತಮ್ಮ ತೊಂದರೆಯನ್ನು ಹೇಳಿಕೊಂಡಾಗ ಬರೆದುಕೊಂಡ ಒಂದು ಸಾಲಾದರೂ ಅದರೊಳಗೆ ನುಸುಳಿರುತ್ತದೆ. ಅದನ್ನು ಗುರುತಿಸುವ ಪರೀಕ್ಷೆ ಸರಳ: ಆ ಸಾಲನ್ನು ಬೇರೆ ಹುದ್ದೆಯ ಸಂದೇಶಕ್ಕೆ ಎತ್ತಿ ಹಾಕಿದರೆ ಹೊಂದುತ್ತದೆಯೇ ಎಂದು ನೋಡುವುದು. ಇಲ್ಲಿ "ಹಳೆಯ ಮತ್ತು ಹೊಸ ಲೆಡ್ಜರ್‌ಗಳನ್ನು ಏಕಕಾಲದಲ್ಲಿ ನಡೆಸಿ, ವ್ಯತ್ಯಾಸಗಳ ಮೂಲ ಪತ್ತೆಹಚ್ಚಿದ ಅನುಭವ" ಎಂಬ ಸಾಲು ಬೇರೆಲ್ಲಿಯೂ ಹೊಂದುವುದಿಲ್ಲ. ಕಿರಿಯ ಉದ್ಯೋಗಿಗೆ ಅದರ ಅರ್ಥ ತಿಳಿದಿರಲಿಕ್ಕಿಲ್ಲ, ಆದರೆ ಎಲ್ಲೋ ಒಬ್ಬ ಮ್ಯಾನೇಜರ್ ಅದನ್ನು ನೊಂದು ಹೇಳಿದ್ದರು ಎಂಬುದು ಖಚಿತವಾಗಿತ್ತು. ಲೆಕ್ಕದ ದಾಖಲೆಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಸ್ವಲ್ಪ ಕಾಲ ಎರಡನ್ನೂ ಜತೆಯಾಗಿ ಓಡಿಸಿ, ಎರಡರ ಮೊತ್ತಗಳೂ ತಾಳೆಯಾಗುತ್ತವೆಯೇ ಎಂದು ನೋಡುತ್ತಾರೆ. ತಾಳೆಯಾಗದೆ ಹೋದಾಗಲೇ ಹೊಸಬರನ್ನು ಹುಡುಕುವ ಅಗತ್ಯ ಬೀಳುವುದು.

ಉತ್ತರ ಬರೆಯುವ ಮೊದಲು ಅಭ್ಯರ್ಥಿ ಇನ್ನೆರಡು ಕೆಲಸ ಮಾಡಿದರು. ಒಂದು, ಕಳುಹಿಸಿದವರ ಮಿಂಚಂಚೆಯ ವಿಳಾಸ ಏಜೆನ್ಸಿಯ ಜಾಲತಾಣದ ವಿಳಾಸಕ್ಕೆ ಅಕ್ಷರಶಃ ಹೊಂದುತ್ತದೆಯೇ ಎಂದು ನೋಡಿದರು. ಹೊಂದಿತು. ಹೊಂದದಿದ್ದಲ್ಲಿ, ಅಥವಾ ಸಂದರ್ಶನಕ್ಕೆ ಮುಂಚೆಯೇ ಹಣವನ್ನೋ ಗುರುತಿನ ದಾಖಲೆಗಳನ್ನೋ ಕೇಳಿದ್ದಲ್ಲಿ, ಉತ್ತರವನ್ನೇ ಬರೆಯಬಾರದಿತ್ತು. ಎರಡು, ಲೆಡ್ಜರ್‌ನ ಆ ಸಾಲನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟು ಅಂತರಜಾಲದಲ್ಲಿ ಹುಡುಕಿದರು. ಏಜೆನ್ಸಿಗಳು ಗ್ರಾಹಕರ ಹೆಸರನ್ನು ಮುಚ್ಚಿಟ್ಟರೂ ಹುದ್ದೆಯ ವಿವರಣೆಯಿಂದ ಸಾಲುಗಳನ್ನು ಹಾಗೆಯೇ ನಕಲು ಮಾಡಿರುವುದು ಅಪರೂಪವಲ್ಲ. ಇಲ್ಲಿಯೂ ಒಂದು ಸಂಸ್ಥೆಯ ಉದ್ಯೋಗ ಪುಟದಲ್ಲಿ ಅದೇ ಸಾಲು ಸಿಕ್ಕಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಸಂಸ್ಥೆ ಗೊತ್ತಾದ ಮೇಲೆ ನೇರವಾಗಿಯೇ ಅರ್ಜಿ ಹಾಕಬಾರದೇಕೆ? ಹಾಕಬಹುದು, ಆದರೆ ಎರಡೂ ದಾರಿ ಹಿಡಿಯಬಾರದು. ಏಜೆನ್ಸಿಗೆ ಸಿಗುವ ಶುಲ್ಕ ಸಾಮಾನ್ಯವಾಗಿ ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲಷ್ಟೇ ಸಿಗುತ್ತದೆ, ಮೊದಲ ವರ್ಷದ ಸಂಬಳದ ಒಂದು ಪಾಲಾಗಿ, ಮತ್ತು ಅದನ್ನು ಕೊಡುವುದು ಸಂಸ್ಥೆ. ಒಬ್ಬರದೇ ಹೆಸರು ಎರಡು ಕಡೆಯಿಂದ ಬಂದರೆ ಶುಲ್ಕ ಯಾರಿಗೆ ಸಲ್ಲಬೇಕು ಎಂಬ ತಕರಾರು ಏಳುತ್ತದೆ, ಆ ತಕರಾರಿನಿಂದ ತಪ್ಪಿಸಿಕೊಳ್ಳಲು ಕೆಲವು ಸಂಸ್ಥೆಗಳು ಆ ಹೆಸರನ್ನೇ ಕೈಬಿಡುತ್ತವೆ. ಹಾಗಾಗಿ ಅಭ್ಯರ್ಥಿ ಆಯ್ಕೆ ಮಾಡಬೇಕಿತ್ತು. ಪುಟದಲ್ಲಿನ ಹುದ್ದೆ ಪ್ರಕಟವಾಗಿ ಹಲವು ವಾರಗಳಾಗಿದ್ದವು, ನೇರ ಅರ್ಜಿ ರಾಶಿಯ ತಳಕ್ಕೆ ಸೇರುವ ಸಂಭವ ಹೆಚ್ಚು. ಏಜೆನ್ಸಿಗೆ ಮ್ಯಾನೇಜರ್ ಜತೆ ನಿಜವಾಗಿಯೂ ಮಾತಿದ್ದರೆ ಆ ದಾರಿಯೇ ಹತ್ತಿರ. ಇದೆಯೇ ಎಂದು ತಿಳಿಯುವವರೆಗೆ ಅವರು ನೇರ ಅರ್ಜಿಯನ್ನು ತಡೆಹಿಡಿದರು, ಹೆಸರು ಪತ್ತೆಯಾಗಿದೆ ಎಂಬುದನ್ನು ಉತ್ತರದಲ್ಲಿ ಬರೆಯಲೂ ಇಲ್ಲ. ಊಹೆ ತಪ್ಪಿದ್ದರೆ ಅನವಶ್ಯಕ ಗೊಂದಲ, ಸರಿಯಿದ್ದರೆ ಆ ಕಡೆಯವರಿಗೆ ಅಭ್ಯರ್ಥಿ ಕೈತಪ್ಪುವ ಭಯ; ಎರಡರಿಂದಲೂ ಮಾತುಕತೆಗೆ ಪ್ರಯೋಜನವಿಲ್ಲ.

ಮರುದಿನ ಅವರು ಕಳುಹಿಸಿದ ಉತ್ತರ ಇದು:

"ನಮಸ್ಕಾರ. ಹಳೆಯ ಮತ್ತು ಹೊಸ ಲೆಡ್ಜರ್‌ಗಳನ್ನು ಏಕಕಾಲದಲ್ಲಿ ನಡೆಸಿದ ಅನುಭವ ಬೇಕೆಂದು ಬರೆದಿದ್ದೀರಿ. ಕಳೆದ ವರ್ಷ ನಮ್ಮ ತಂಡ ಪಾವತಿ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ ಎರಡನ್ನೂ ಏಳು ತಿಂಗಳು ಜತೆಯಾಗಿ ನಡೆಸಿದೆವು. ಪ್ರತಿರಾತ್ರಿ ತಾಳೆ ನೋಡುವುದು, ವ್ಯತ್ಯಾಸ ಎಲ್ಲಿ ಹುಟ್ಟಿತು ಎಂದು ಹುಡುಕುವುದು ನನ್ನ ಹೊಣೆಯಾಗಿತ್ತು. ನಮ್ಮಲ್ಲಿ ಹೆಚ್ಚಿನ ವ್ಯತ್ಯಾಸ ಹಣ ಮರುಪಾವತಿಯ ದಾಖಲೆಗಳು ಎರಡು ಕಡೆ ಬೇರೆ ಬೇರೆ ದಿನಾಂಕಕ್ಕೆ ಬೀಳುತ್ತಿದ್ದುದರಿಂದ ಉಂಟಾಗಿತ್ತು. ಒರಾಕಲ್ ನನ್ನ ಹಳೆಯ ಅನುಭವ, ಈಗ ಪೋಸ್ಟ್‌ಗ್ರೆಸ್ ಬಳಸುತ್ತೇನೆ. ನನ್ನ ನೋಟಿಸ್ ಅವಧಿ ಎರಡು ತಿಂಗಳು, ಅದನ್ನು ಕಡಿಮೆ ಮಾಡಿಸಿಕೊಳ್ಳುವುದು ಕಷ್ಟ.

ಒಂದು ವಿಷಯ ತಿಳಿಯಬೇಕಿದೆ. ಅಲ್ಲಿ ಎರಡೂ ಲೆಡ್ಜರ್‌ಗಳು ಈಗಾಗಲೇ ಜತೆಯಾಗಿ ಓಡುತ್ತಿವೆಯೇ ಅಥವಾ ಆ ಹಂತ ಇನ್ನು ಆರಂಭವಾಗಬೇಕಿದೆಯೇ? ಬುಧವಾರ ಅಥವಾ ಗುರುವಾರ ಸಂಜೆ 5ರ ನಂತರ 15 ನಿಮಿಷ ಮಾತನಾಡಲು ನನಗೆ ಅನುಕೂಲವಿದೆ."

ಈ ಉತ್ತರದಲ್ಲಿ ನನಗೆ ಮುಖ್ಯವೆನಿಸುವುದು ಅದನ್ನು ಹಾಗೆಯೇ ಮುಂದಕ್ಕೆ ಕಳುಹಿಸಬಹುದು ಎಂಬ ಗುಣ. ಕಿರಿಯ ಉದ್ಯೋಗಿಗೆ ಲೆಡ್ಜರ್ ಬಗ್ಗೆ ಏನೂ ತಿಳಿಯದಿದ್ದರೂ ಆ ನಾಲ್ಕು ವಾಕ್ಯಗಳನ್ನು ಎತ್ತಿ ಮೇಲಿನವರಿಗೆ, ಅವರು ಮ್ಯಾನೇಜರ್‌ಗೆ ಕಳುಹಿಸಬಹುದು. ಮರುಪಾವತಿ ಬೇರೆ ದಿನಾಂಕಕ್ಕೆ ಬೀಳುವ ಮಾತನ್ನು ರೆಸ್ಯೂಮ್‌ನಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಅದೇ ತೊಂದರೆಯಲ್ಲಿ ಸಿಕ್ಕಿಕೊಂಡಿರುವ ಮ್ಯಾನೇಜರ್ ಅದನ್ನು ಓದಿದರೆ ಬರೆದವರು ಕೆಲಸ ಮಾಡಿ ಬಲ್ಲವರು ಎಂಬುದು ತಕ್ಷಣ ತಿಳಿಯುತ್ತದೆ. ಅದೇ ಹೊತ್ತಿಗೆ, ತಮ್ಮ ಸಂಸ್ಥೆಯ ಹೆಸರನ್ನಾಗಲಿ ಮೊತ್ತಗಳನ್ನಾಗಲಿ ಅಭ್ಯರ್ಥಿ ಹೇಳಿರಲಿಲ್ಲ. ಎಲ್ಲಿಗೆ ತಲುಪುತ್ತದೆ ಎಂದು ಗೊತ್ತಿಲ್ಲದ ಪತ್ರದಲ್ಲಿ ಅಷ್ಟು ಎಚ್ಚರ ಇರಲೇಬೇಕು.

ಪ್ರಶ್ನೆ ಒಂದೇ ಇರಬೇಕೆಂಬುದಕ್ಕೂ ಕಾರಣವಿದೆ. ಸಂಬಳ, ತಂಡದ ಗಾತ್ರ, ಮನೆಯಿಂದ ಕೆಲಸ, ಬಡ್ತಿ ಎಂದು ಏಳೆಂಟು ಪ್ರಶ್ನೆ ಕೇಳಿದರೆ ಉತ್ತರಿಸುವುದು ಒಂದು ದೊಡ್ಡ ಕೆಲಸವಾಗಿಬಿಡುತ್ತದೆ, ದೊಡ್ಡ ಕೆಲಸವನ್ನು ಎಲ್ಲರೂ ನಾಳೆಗೆ ತಳ್ಳುತ್ತಾರೆ. ಒಂದೇ ಪ್ರಶ್ನೆ, ಅದೂ "ಇದೋ ಅದೋ" ಎಂಬ ರೂಪದಲ್ಲಿದ್ದರೆ ಒಂದು ಸಾಲಿನಲ್ಲಿ ಉತ್ತರಿಸಬಹುದು. ಜತೆಗೆ ಈ ಪ್ರಶ್ನೆಗೆ ಏಜೆನ್ಸಿಯ ಸಿದ್ಧ ಪಠ್ಯಗಳಲ್ಲಿ ಉತ್ತರವಿಲ್ಲ. ಮ್ಯಾನೇಜರ್ ಜತೆ ಮಾತನಾಡಿದವರಿಗೆ ಗೊತ್ತಿರುತ್ತದೆ, ಇಲ್ಲವೇ ಅವರನ್ನು ಕೇಳಿ ತಿಳಿಯಬೇಕಾಗುತ್ತದೆ. ಸಂಬಳದ ಶ್ರೇಣಿ ಎಷ್ಟು ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕೆಂದು ಹಲವರು ವಾದಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದು ಎಲ್ಲರೂ ಕೇಳುವ ಪ್ರಶ್ನೆಯಾದ್ದರಿಂದ ಅದಕ್ಕೆ "ಅನುಭವಕ್ಕೆ ತಕ್ಕಂತೆ" ಎಂಬ ಅಡ್ಡಗೋಡೆಯ ಮೇಲಿನ ದೀಪದಂತಹ ಉತ್ತರ ಎಲ್ಲರ ಬಳಿಯೂ ಸಿದ್ಧವಾಗಿರುತ್ತದೆ. ಎರಡನೆಯ ಸುತ್ತಿನಲ್ಲಿ ಕೇಳಿದಾಗ ಅದಕ್ಕೆ ಹೆಚ್ಚು ಬಲವಿರುತ್ತದೆ.

ನೋಟಿಸ್ ಅವಧಿಯನ್ನು ಮೊದಲೇ ಹೇಳಿದ್ದು ಕೆಲವರಿಗೆ ದುಡುಕು ಎನಿಸಬಹುದು, ಏಕೆಂದರೆ ಸಂದೇಶದಲ್ಲಿ 30 ದಿನ ಎಂದಿತ್ತು. ನನ್ನ ಅಭಿಪ್ರಾಯ ಬೇರೆ. ಹುದ್ದೆಯನ್ನು ಕೆಡಿಸಬಲ್ಲ ಸಂಗತಿ ಒಂದಿದ್ದರೆ ಅದನ್ನು ಆರಂಭದಲ್ಲೇ ಹೇಳಿದಾಗ ಉಳಿದ ಮಾತುಗಳ ಮೇಲೆ ನಂಬಿಕೆ ಹುಟ್ಟುತ್ತದೆ, ಮತ್ತು ಆ ಷರತ್ತು ನಿಜವೋ ಹಳೆಯ ಸರಕೋ ಎಂಬುದೂ ಬೇಗ ಬಯಲಾಗುತ್ತದೆ. ಒರಾಕಲ್‌ನ ತಪ್ಪನ್ನು ಆಕ್ಷೇಪಣೆಯ ಧ್ವನಿಯಿಲ್ಲದೆ ಒಂದೇ ವಾಕ್ಯದಲ್ಲಿ ತಿದ್ದಿದ್ದೂ ಇದೇ ರೀತಿಯದು. ರೆಸ್ಯೂಮ್ ಲಗತ್ತಿಸಲಿಲ್ಲ. ಅದನ್ನು ತಡೆಹಿಡಿದದ್ದು ಬಿಗುಮಾನಕ್ಕಲ್ಲ. ಒಮ್ಮೆ ಕಳುಹಿಸಿದರೆ ಅದು ಯಾವ ಸಂಸ್ಥೆಗೆ, ಯಾವಾಗ ಹೋಗುತ್ತದೆ ಎಂಬುದರ ಮೇಲೆ ಹಿಡಿತವಿರುವುದಿಲ್ಲ.

ಎರಡು ದಿನದ ನಂತರ ಬಂದದ್ದು ಮಾತ್ರ ನಿರಾಶಾದಾಯಕವಾಗಿತ್ತು. "ನಿಮ್ಮ ಆಸಕ್ತಿಗೆ ಧನ್ಯವಾದಗಳು. ಕೆಳಗಿನ ಪಟ್ಟಿಯನ್ನು ತುಂಬಿ ರೆಸ್ಯೂಮ್ ಜತೆ ಕಳುಹಿಸಿ" ಎಂದು ಬರೆದು, ಒಟ್ಟು ಅನುಭವ, ಸಂಬಂಧಿತ ಅನುಭವ, ಈಗಿನ ಸಂಬಳ, ನಿರೀಕ್ಷಿತ ಸಂಬಳ, ನೋಟಿಸ್ ಅವಧಿ, ಈಗಿರುವ ಸ್ಥಳ, ಕೆಲಸ ಬಿಡಲು ಕಾರಣ ಎಂದು ಏಳು ಖಾನೆಗಳ ಪಟ್ಟಿ ಕೊಟ್ಟಿದ್ದರು. ಪ್ರಶ್ನೆಗೆ ಉತ್ತರವಿರಲಿಲ್ಲ. ನೋಟಿಸ್ ಅವಧಿಯನ್ನು ಈಗಾಗಲೇ ಹೇಳಿದ್ದರೂ ಮತ್ತೆ ಕೇಳಿದ್ದರು.

ಈ ಹಂತದಲ್ಲೇ ಹೆಚ್ಚಿನ ಮಾತುಕತೆಗಳು ಸಾಯುತ್ತವೆ. ಅಭ್ಯರ್ಥಿ ಪಟ್ಟಿಯನ್ನು ಪೂರ್ತಿ ತುಂಬಿ ಕಳುಹಿಸಿ ಸುಮ್ಮನಾಗುತ್ತಾರೆ, ಇಲ್ಲವೇ ಬೇಸತ್ತು ಕೈ ತೊಳೆದುಕೊಳ್ಳುತ್ತಾರೆ. ಪಟ್ಟಿಯ ಹಿಂದಿನ ಕಾರಣ ತಿಳಿದರೆ ಮೂರನೆಯ ದಾರಿಯೂ ಇದೆ ಎಂಬುದು ಕಾಣುತ್ತದೆ. ಏಜೆನ್ಸಿಯ ತಂತ್ರಾಂಶದಲ್ಲಿ ಅಭ್ಯರ್ಥಿಯ ಹೆಸರನ್ನು ಮುಂದಿನ ಹಂತಕ್ಕೆ ಸರಿಸಬೇಕಾದರೆ ಕೆಲವು ಖಾನೆಗಳು ಖಾಲಿ ಇರುವಂತಿಲ್ಲ; ಕಿರಿಯ ಉದ್ಯೋಗಿ ಆ ಖಾನೆಗಳನ್ನು ತುಂಬಿಸುವುದಕ್ಕೆಂದೇ ಇರುವವರು. ಅವರಿಗೆ ಬೇಕಾದದ್ದನ್ನು ಸ್ವಲ್ಪ ಕೊಟ್ಟು, ಪ್ರಶ್ನೆಯನ್ನು ಅವರ ಮೇಲಿನವರ ಕಡೆಗೆ ತಿರುಗಿಸಬೇಕು. ಅಭ್ಯರ್ಥಿ ಹೀಗೆ ಬರೆದರು:

"ಒಟ್ಟು ಅನುಭವ ಒಂಬತ್ತು ವರ್ಷ, ಲೆಡ್ಜರ್ ಸ್ಥಳಾಂತರಕ್ಕೆ ನೇರವಾಗಿ ಸಂಬಂಧಿಸಿದ್ದು ಎರಡು ವರ್ಷ, ನೋಟಿಸ್ ಅವಧಿ ಎರಡು ತಿಂಗಳು. ಈಗಿನ ಸಂಬಳವನ್ನು ಈ ಹಂತದಲ್ಲಿ ಹೇಳುವುದಿಲ್ಲ. ಈ ಹುದ್ದೆಗೆ ಗೊತ್ತುಪಡಿಸಿದ ಶ್ರೇಣಿಯನ್ನು ತಿಳಿಸಿದರೆ ನನ್ನ ನಿರೀಕ್ಷೆ ಅದರೊಳಗೆ ಬರುತ್ತದೆಯೇ ಎಂದು ಅದೇ ದಿನ ತಿಳಿಸುತ್ತೇನೆ. ಎರಡೂ ಲೆಡ್ಜರ್‌ಗಳು ಈಗ ಜತೆಯಾಗಿ ಓಡುತ್ತಿವೆಯೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇಲ್ಲದಿದ್ದರೆ, ಈ ಗ್ರಾಹಕರನ್ನು ನೋಡಿಕೊಳ್ಳುವ ನಿಮ್ಮ ಸಹೋದ್ಯೋಗಿಗೆ ನನ್ನ ಹಿಂದಿನ ಪತ್ರವನ್ನು ದಯವಿಟ್ಟು ತಲುಪಿಸಿ. ಉತ್ತರ ಸಿಕ್ಕ ಕೂಡಲೇ ರೆಸ್ಯೂಮ್ ಕಳುಹಿಸುತ್ತೇನೆ."

ಈಗಿನ ಸಂಬಳದ ವಿಷಯದಲ್ಲಿ ಒಂದು ಮಾತು. ಕೆಲವು ದೇಶ ಮತ್ತು ರಾಜ್ಯಗಳಲ್ಲಿ ಅಭ್ಯರ್ಥಿಯ ಹಿಂದಿನ ಸಂಬಳವನ್ನು ಕೇಳುವುದನ್ನೇ ಕಾನೂನು ನಿರ್ಬಂಧಿಸಿದೆ. ಇನ್ನು ಕೆಲವೆಡೆ ಅದು ದಿನನಿತ್ಯದ ಪ್ರಶ್ನೆ, ಹೇಳದಿದ್ದರೆ ಮುಂದೆ ಹೋಗುವುದೇ ಇಲ್ಲ. ಆದ್ದರಿಂದ ಈ ವಾಕ್ಯವನ್ನು ಎಲ್ಲೆಡೆಯೂ ಹೀಗೆಯೇ ಬರೆಯಬಹುದೆಂದು ನಾನು ಹೇಳಲಾರೆ. ಇಲ್ಲಿ ಅದು ನಡೆದದ್ದು ನಿರಾಕರಣೆಯ ಬೆನ್ನಿಗೇ ಶ್ರೇಣಿಯ ಬಗ್ಗೆ ಒಂದು ಸ್ಪಷ್ಟ ವಾಗ್ದಾನ ಇದ್ದುದರಿಂದ.

ಮೂರನೆಯ ಪತ್ರ ಬೇರೆಯವರ ಹೆಸರಿನಲ್ಲಿ ಬಂದಿತು. ಹೆಸರು ಬದಲಾದುದೇ ಮಾತು ಮುಂದಕ್ಕೆ ಹೋಗಿದೆ ಎಂಬುದಕ್ಕೆ ಒಳ್ಳೆಯ ಲಕ್ಷಣ. ಅದರಲ್ಲಿ ಸಂತೋಷ, ಗಮನ ಸೆಳೆಯಿತು ಎಂಬ ಯಾವ ಮಾತೂ ಇರಲಿಲ್ಲ. ವಾಕ್ಯಗಳು ಚಿಕ್ಕದಾಗಿದ್ದವು, ಒಂದು ಕಡೆ ಅಕ್ಷರ ದೋಷವೂ ಇತ್ತು. "ನಿಮ್ಮ ಪತ್ರವನ್ನು ಮ್ಯಾನೇಜರ್‌ಗೆ ಕಳುಹಿಸಿದ್ದೆ. ಎರಡೂ ಓಡುತ್ತಿವೆ, ತಾಳೆ ಬೀಳುತ್ತಿಲ್ಲ, ಅದನ್ನು ನೋಡುತ್ತಿದ್ದವರು ಬಿಟ್ಟುಹೋಗಿದ್ದಾರೆ. ದಿನಾಂಕದ ವಿಷಯ ನಿಮಗೆ ಹೇಗೆ ಗೊತ್ತಾಯಿತು ಎಂದು ಅವರು ಕೇಳಿದರು. ಗುರುವಾರ 5:30ಕ್ಕೆ ಕರೆ ಮಾಡಲೇ?" ಎಂದು ಬರೆದು, ಸಂಬಳದ ಶ್ರೇಣಿಯನ್ನೂ ಕೊಟ್ಟಿದ್ದರು. ಅಭ್ಯರ್ಥಿಯ ನಿರೀಕ್ಷೆ ಆ ಶ್ರೇಣಿಯ ಮೇಲ್ತುದಿಗೆ ಹತ್ತಿರವಾಗಿತ್ತು, ಅದನ್ನು ಅವರು ಮಾತು ಕೊಟ್ಟಂತೆ ಅದೇ ದಿನ ತಿಳಿಸಿದರು.

ದೂರವಾಣಿಯಲ್ಲಿ ಮಾತು ಸುಮಾರು ಅರ್ಧ ಗಂಟೆ ನಡೆಯಿತು. ನೋಟಿಸ್ ಅವಧಿಯ ಬಗ್ಗೆ ಕೇಳಿದಾಗ ಆ ಹಿರಿಯ ರಿಕ್ರೂಟರ್, 30 ದಿನದ ಸಾಲು ಬೇರೊಂದು ಹುದ್ದೆಯ ಸಂದೇಶದಿಂದ ಉಳಿದುಬಂದಿದ್ದು, ಮ್ಯಾನೇಜರ್ ಎರಡು ತಿಂಗಳು ಕಾಯಲು ಸಿದ್ಧರಿದ್ದಾರೆ ಎಂದು ಒಪ್ಪಿಕೊಂಡರು. ಸಂಸ್ಥೆಯ ಹೆಸರನ್ನು ಅಭ್ಯರ್ಥಿ ಇಲ್ಲಿ ಕೇಳಿದರು; ಊಹೆ ಸರಿಯಾಗಿತ್ತು. ನೇರವಾಗಿ ಅರ್ಜಿ ಹಾಕಿಲ್ಲವೆಂದು ಹೇಳಿದಾಗ ಆ ಕಡೆಯ ಧ್ವನಿ ಹಗುರಾದದ್ದು ಗೊತ್ತಾಗುತ್ತಿತ್ತಂತೆ, ಅದು ಸಹಜವೇ. ನಂತರ ಅಭ್ಯರ್ಥಿ ಒಂದು ಸಾಲಿನ ಲಿಖಿತ ಒಪ್ಪಿಗೆ ಕಳುಹಿಸಿದರು: "ಈ ಸಂಸ್ಥೆಯ ಈ ಒಂದು ಹುದ್ದೆಗೆ ಮಾತ್ರ ನನ್ನ ರೆಸ್ಯೂಮ್ ಸಲ್ಲಿಸಲು ಒಪ್ಪಿಗೆ ಇದೆ, ಬೇರೆಲ್ಲಿಗೆ ಕಳುಹಿಸುವುದಿದ್ದರೂ ಮೊದಲು ಕೇಳಿ." ಬಾಯಿಮಾತಿನ ಒಪ್ಪಿಗೆಯೂ ಒಪ್ಪಿಗೆಯೇ, ಆದರೆ ಇನ್ನೊಂದು ಏಜೆನ್ಸಿ ಅದೇ ಹುದ್ದೆಗೆ ಅದೇ ಹೆಸರನ್ನು ಕಳುಹಿಸಿದ ದಿನ ಯಾವುದು ಮೊದಲು, ಯಾವುದಕ್ಕೆ ಅನುಮತಿ ಇತ್ತು ಎಂದು ತೋರಿಸಲು ದಿನಾಂಕವಿರುವ ಪತ್ರ ಬೇಕಾಗುತ್ತದೆ.

ಮ್ಯಾನೇಜರ್ ಜತೆಗಿನ ಭೇಟಿಯಲ್ಲಿ ಸಾಮಾನ್ಯ ಸಂದರ್ಶನದ ಪ್ರಶ್ನೆಗಳು ಕಡಿಮೆ ಇದ್ದವು, ಹೆಚ್ಚಿನ ಸಮಯ ಅವರ ಲೆಡ್ಜರ್‌ನ ತೊಂದರೆಯ ಮಾತಿಗೇ ಹೋಯಿತು. ಆದರೂ ಹುದ್ದೆ ಕುದುರಲಿಲ್ಲ. ತಾಳೆ ನೋಡುವ ಕೆಲಸ ಮುಗಿಯುವವರೆಗೆ ವಾರಾಂತ್ಯಗಳಲ್ಲಿಯೂ ಕರೆಗೆ ಸಿಗಬೇಕು ಎಂಬ ಷರತ್ತು ಆಗ ಹೊರಬಿತ್ತು, ಅದಕ್ಕೆ ಅಭ್ಯರ್ಥಿ ಸಿದ್ಧರಿರಲಿಲ್ಲ. ಹಿಂದೆ ಸರಿದ ಕಾರಣವನ್ನು ಎರಡು ವಾಕ್ಯಗಳಲ್ಲಿ, ಮ್ಯಾನೇಜರ್‌ಗೆ ಹಾಗೆಯೇ ತೋರಿಸಬಹುದಾದ ಮಾತಿನಲ್ಲಿ ಬರೆದು ಕಳುಹಿಸಿದರು. ಕೆಲವು ತಿಂಗಳ ನಂತರ ಅದೇ ರಿಕ್ರೂಟರ್ ಇನ್ನೊಂದು ಹುದ್ದೆಯ ಬಗ್ಗೆ ಬರೆದಾಗ ಮೊದಲ ಸಾಲಿನಲ್ಲೇ "ಇದರಲ್ಲಿ ವಾರಾಂತ್ಯದ ಕರೆ ಇಲ್ಲ, ಕೇಳಿಕೊಂಡೇ ಬರೆಯುತ್ತಿದ್ದೇನೆ" ಎಂದಿತ್ತು.

ಈ ವಿಧಾನ ಎಲ್ಲ ಸಂದೇಶಗಳಿಗೂ ಸಲ್ಲುವುದಿಲ್ಲ, ಅದಕ್ಕೆ ಉದಾಹರಣೆ ಅದೇ ವಾರ ಅಭ್ಯರ್ಥಿಗೆ ಬಂದ ಇನ್ನೊಂದು ಪತ್ರ. ಅದನ್ನು ಎಷ್ಟು ಸೋಸಿದರೂ ಮ್ಯಾನೇಜರ್ ಆಡಿದ ಮಾತೆನ್ನಬಹುದಾದ ಒಂದು ಸಾಲೂ ಸಿಗಲಿಲ್ಲ. ಅಂತಹ ಕಡೆ ಅನುಭವದ ವಿವರ ಬರೆಯಲು ಹಿಡಿಕೆಯೇ ಇರುವುದಿಲ್ಲವಾದ್ದರಿಂದ ಅವರು "ಈ ಹುದ್ದೆ ಹೊಸದಾಗಿ ಸೃಷ್ಟಿಯಾದದ್ದೇ ಅಥವಾ ಬಿಟ್ಟುಹೋದವರ ಜಾಗಕ್ಕೇ?" ಎಂದಷ್ಟೇ ಕೇಳಿದರು. ಹುದ್ದೆ ಕೈಯಲ್ಲಿರುವ ಯಾರಿಗಾದರೂ ಇದು ಗೊತ್ತಿರುತ್ತದೆ. ಬಂದದ್ದು ಖಾನೆಗಳ ಪಟ್ಟಿ. ಮತ್ತೊಮ್ಮೆ ಕೇಳಿದಾಗಲೂ ಅದೇ ಪಟ್ಟಿ ಬಂದಿತು, ಈ ಬಾರಿ "ತುರ್ತು" ಎಂಬ ಪದ ಸೇರಿಕೊಂಡಿತ್ತು. ಮುಂದೆ ಬಳಸಲು ರೆಸ್ಯೂಮ್‌ಗಳನ್ನು ಕೂಡಿಡುವುದಕ್ಕಷ್ಟೇ ಹೊರಟ ಸಂದೇಶಗಳಲ್ಲಿ, ಅಥವಾ ಹುದ್ದೆ ಇನ್ನೂ ಮಂಜೂರಾಗದೆ ಏಜೆನ್ಸಿ ಮುಂಚಿತವಾಗಿ ಹೆಸರು ಕಲೆಹಾಕುತ್ತಿರುವಾಗ ಹೀಗಾಗುತ್ತದೆ. ಅಭ್ಯರ್ಥಿ ಎರಡನೆಯ ಪಟ್ಟಿಗೆ, "ಸದ್ಯಕ್ಕೆ ನನ್ನ ವಿವರಗಳನ್ನು ಎಲ್ಲಿಗೂ ಸಲ್ಲಿಸಬೇಡಿ, ಹುದ್ದೆಯ ಬಗ್ಗೆ ನಿಖರ ಮಾಹಿತಿ ಸಿಕ್ಕಾಗ ಈ ಪತ್ರಕ್ಕೇ ಉತ್ತರಿಸಿ" ಎಂದು ಬರೆದು ಆ ಎಳೆಯನ್ನು ಮುಗಿಸಿದರು.